ಪುಸ್ತಕ ಕಪಾಟಿನಲ್ಲಿದೆ, ಸೂಚಿಪತ್ರದಲ್ಲಿಲ್ಲ



ಯುಗಾದಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ಬಿಡುವಿನ ವೇಳೆಯಲ್ಲಿ ಇನ್‌ಸ್ಟಾಗ್ರಾಂನಲ್ಲಿ ಹೆಂಗಸರಿಗಾಗಿ ಕನ್ನಡದಲ್ಲಿ ಚಿತ್ರಗಳನ್ನು ಹಾಕುತ್ತಾಳೆ. ಎದೆಯಲ್ಲಿ ಗಂಟು ಕಂಡರೆ ನಾಚಿಕೊಂಡು ಮುಚ್ಚಿಡಬಾರದು, ಯಾವ ಯಾವ ಬದಲಾವಣೆ ಕಂಡಾಗ ವೈದ್ಯರ ಬಳಿಗೆ ಹೋಗಬೇಕು ಎಂಬುದನ್ನು ಸರಳವಾದ ರೇಖಾಚಿತ್ರಗಳಲ್ಲಿ ತಿಳಿಸುತ್ತಾಳೆ. ಕಾಫಿ ಕುಡಿದ ಮೇಲೆ ಲೋಟವನ್ನು ಕೆಳಗಿಟ್ಟು ಹೇಳಿದಳು:

“ಸರ್, ನನ್ನ ಪೋಸ್ಟ್‌ಗಳು ಯಾರಿಗೂ ಕಾಣದ ಹಾಗೆ ಮಾಡಿಬಿಟ್ಟಿದ್ದಾರೆ. ಎರಡು ತಿಂಗಳಿಂದ ಹೊಸಬರು ಬರುವುದೇ ನಿಂತುಹೋಗಿದೆ. ನಾನು ಹಾಕೋ ಹ್ಯಾಷ್‌ಟ್ಯಾಗ್ ಬ್ಲಾಕ್ ಆಗಿದೆ ಅಂತಾರೆ ಎಲ್ಲರೂ. ನಿಲ್ಲಿಸಿಬಿಡೋಣ ಅನ್ನಿಸ್ತಿದೆ.”

“ಯಾರಮ್ಮ ಹಾಗೆ ಮಾಡಿದವರು?” ಎಂದೆ.

“ಅದೇ ಗೊತ್ತಿಲ್ಲ ಸರ್. ಯಾರೂ ಏನೂ ಹೇಳೋದಿಲ್ಲ.”

ಆ ಕೊನೆಯ ಮಾತು ಬಹಳ ದಿನ ನನ್ನನ್ನು ಕಾಡಿತು. ಈ ಬರಹ ಹುಟ್ಟಿದ್ದು ಅದರಿಂದಲೇ. ಹುಡುಗಿಯ ಸಮಸ್ಯೆಗೆ ಉತ್ತರ ಸಿಕ್ಕಿತು, ಅದನ್ನು ಮುಂದೆ ಹೇಳುತ್ತೇನೆ. ಮೊದಲು ವಿಷಯವೇನೆಂಬುದನ್ನು ನಮ್ಮ ಶಾಲೆಯ ಗ್ರಂಥಾಲಯದ ಉದಾಹರಣೆಯಿಂದಲೇ ತಿಳಿಸುವುದು ಸುಲಭ.

ನಮ್ಮ ಗ್ರಂಥಾಲಯದಲ್ಲಿದ್ದ ಮರದ ಪೆಟ್ಟಿಗೆ ನಿಮಗೆ ನೆನಪಿರಬಹುದು. ಅದರ ಖಾನೆಗಳಲ್ಲಿ ವಿಷಯವಾರು ಚೀಟಿಗಳಿದ್ದವು. “ಸಸ್ಯಶಾಸ್ತ್ರ” ಎಂಬ ಖಾನೆ ಎಳೆದರೆ ಆ ವಿಷಯದ ಪುಸ್ತಕಗಳ ಚೀಟಿಗಳೆಲ್ಲ ಒಂದೆಡೆ ಸಿಗುತ್ತಿದ್ದವು. ಹ್ಯಾಷ್‌ಟ್ಯಾಗ್ ಎಂಬುದು ಅಂತಹ ಖಾನೆಯ ಹೆಸರು. ಪದದ ಹಿಂದೆ # ಗುರುತು ಹಾಕಿದಿರೆಂದರೆ ನಿಮ್ಮ ಬರಹದ ಚೀಟಿಯನ್ನು ಆ ಖಾನೆಯಲ್ಲಿಟ್ಟಂತೆ. ನಿಮ್ಮ ಪರಿಚಯವೇ ಇಲ್ಲದವರು ಖಾನೆ ಎಳೆದಾಗ ನೀವು ಅವರ ಕಣ್ಣಿಗೆ ಬೀಳುತ್ತೀರಿ. ಈಗ ಯಾರೋ ಬಂದು ಆ ಖಾನೆಗೆ ಬೀಗ ಹಾಕಿದರೆನ್ನಿ. ಪುಸ್ತಕ ಕಪಾಟಿನಲ್ಲಿಯೇ ಇರುತ್ತದೆ. ಇಟ್ಟವನಿಗೆ ಅದು ಕಾಣುತ್ತದೆ, ಅವನ ಗೆಳೆಯರಿಗೂ ಕಾಣುತ್ತದೆ. ಹುಡುಕಿಕೊಂಡು ಬಂದ ಅಪರಿಚಿತನಿಗೆ ಮಾತ್ರ ಕಾಣುವುದಿಲ್ಲ. ಹ್ಯಾಷ್‌ಟ್ಯಾಗ್ ತಡೆಯುವುದೆಂದರೆ ಇದೇ. ಬರಹವನ್ನು ಅಳಿಸುವುದಕ್ಕಿಂತ ಇದು ವಿಚಿತ್ರವಾದುದು, ಏಕೆಂದರೆ ಅಳಿಸಿದರೆ ಬರೆದವನಿಗೆ ತಿಳಿಯುತ್ತದೆ. ಇಲ್ಲಿ ತಿಳಿಯುವುದಿಲ್ಲ.

ಖಾನೆಗೆ ಬೀಗ ಹಾಕುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. 2012ರಲ್ಲಿ ಇನ್‌ಸ್ಟಾಗ್ರಾಂ, ಉಪವಾಸ ಬಿದ್ದು ದೇಹವನ್ನು ಒಣಗಿಸಿಕೊಳ್ಳುವುದನ್ನು ಹೊಗಳುವ #thinspiration ಮೊದಲಾದ ಪದಗಳನ್ನು ತಡೆಯಿತು. ಎಳೆಯ ಹುಡುಗಿಯರು ಅದನ್ನು ನೋಡಿ ಊಟ ಬಿಡುತ್ತಿದ್ದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಕೆಟ್ಟದ್ದನ್ನು ತಡೆಯಲು ಹಾಕಿದ ಬೀಗ ತಪ್ಪು ಖಾನೆಗೆ ಬಿದ್ದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶಕ್ಕೇ ಸಂಬಂಧಿಸಿದ ಒಂದು ನಿದರ್ಶನವಿದೆ.

2020ರ ಜೂನ್ ತಿಂಗಳ ಮೊದಲ ವಾರ. 1984ರ ಜೂನ್‌ನಲ್ಲಿ ಅಮೃತಸರದ ಸ್ವರ್ಣಮಂದಿರದಲ್ಲಿ ನಡೆದ ಸೇನಾ ಕಾರ್ಯಾಚರಣೆಯನ್ನು ಸಿಖ್ಖರು ಪ್ರತಿವರ್ಷ ಸ್ಮರಿಸುವ ವಾರವದು. ಆ ದಿನಗಳಲ್ಲಿ ಜಗತ್ತಿನ ನಾನಾ ಕಡೆಯ ಸಿಖ್ಖರು ತಮ್ಮ ಬರಹಗಳು #sikh ಎಂಬ ಹ್ಯಾಷ್‌ಟ್ಯಾಗ್‌ನಡಿ ಕಾಣುತ್ತಿಲ್ಲವೆಂಬುದನ್ನು ಗಮನಿಸಿ ದನಿಯೆತ್ತಿದರು. ಕೋಟ್ಯಂತರ ಜನರ ಧರ್ಮದ ಹೆಸರೇ ಸೂಚಿಪತ್ರದಿಂದ ಮಾಯವಾಗಿತ್ತು. ಜೂನ್ 3ರಂದು ಇನ್‌ಸ್ಟಾಗ್ರಾಂ ತಪ್ಪನ್ನು ಒಪ್ಪಿಕೊಂಡಿತು. ಯಾರೋ ಕೊಟ್ಟ ಒಂದು ದೂರನ್ನು ತಮ್ಮವರು ಸರಿಯಾಗಿ ಪರಿಶೀಲಿಸದೆ, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಎರಡರಲ್ಲೂ ಆ ಪದವನ್ನು ಮಾರ್ಚ್ 7ರಂದೇ ತಡೆದಿದ್ದರೆಂದೂ, ಬಳಕೆದಾರರು ಹೇಳಿದ ಮೇಲಷ್ಟೇ ಅದು ತಮ್ಮ ಗಮನಕ್ಕೆ ಬಂದಿತೆಂದೂ ತಿಳಿಸಿತು. ಮಾರ್ಚ್ 7ರಿಂದ ಜೂನ್ 3 ಎಂದರೆ 88 ದಿನ. ತಪ್ಪು ಆಗುವುದು ಸಹಜ. ನಾನೂ ಎಷ್ಟೋ ಉತ್ತರಪತ್ರಿಕೆಗಳಲ್ಲಿ ಸರಿಯುತ್ತರಕ್ಕೆ ಅಡ್ಡಗೆರೆ ಎಳೆದಿದ್ದೇನೆ. ಆದರೆ ಉತ್ತರಪತ್ರಿಕೆಯನ್ನು ಮಕ್ಕಳ ಕೈಗೆ ಹಿಂದಿರುಗಿಸುತ್ತಿದ್ದೆ, ಅವರು ಮರುದಿನವೇ ಬಂದು “ಸಾರ್, ಇದು ಸರಿಯಲ್ಲವಾ?” ಎಂದು ಕೇಳುತ್ತಿದ್ದರು. ಈ ತಪ್ಪು 88 ದಿನ ಉಳಿದದ್ದು ಅಡ್ಡಗೆರೆ ಎಳೆದುದರಿಂದಲ್ಲ, ಪತ್ರಿಕೆಯನ್ನು ಹಿಂದಿರುಗಿಸದೇ ಇದ್ದುದರಿಂದ.

ಮರುವರ್ಷ, 2021ರ ಮೇ ತಿಂಗಳಲ್ಲಿ, ಜೆರುಸಲೇಮಿನ ಅಲ್ ಅಕ್ಸಾ ಮಸೀದಿಯ ಹೆಸರಿಗೂ ಹೀಗೆಯೇ ಆಯಿತು. ಅದರ ಕಾರಣ ಮುಂದೆ ಒಂದು ಸ್ವತಂತ್ರ ವರದಿಯಲ್ಲಿ ಹೊರಬಿತ್ತು. ಹೊರಗುತ್ತಿಗೆಯ ನೌಕರನೊಬ್ಬ ಅಮೆರಿಕ ಸರ್ಕಾರದ ನಿಷೇಧಿತರ ಪಟ್ಟಿಯನ್ನು ನೋಡಿಕೊಂಡು ಪದಗಳನ್ನು ಸೇರಿಸುತ್ತಿದ್ದ. ಆ ಪಟ್ಟಿಯಲ್ಲಿ ಅದೇ ಹೆಸರನ್ನು ಹೊತ್ತ ಒಂದು ಸಶಸ್ತ್ರ ಗುಂಪಿತ್ತು. ಗುಂಪನ್ನು ತಡೆಯಲು ಹೋಗಿ ಮಸೀದಿಯನ್ನೇ ತಡೆದುಬಿಟ್ಟ. ಇದನ್ನು ಹೇಳುವ ಉದ್ದೇಶವಿಷ್ಟೆ: ಇಂತಹ ತಡೆಗಳ ಹಿಂದೆ ಸದಾ ಯಾರದೋ ಸಂಚು ಇರಬೇಕಾಗಿಲ್ಲ. ಪಟ್ಟಿ ನೋಡಿ ಪದ ಸೇರಿಸುವ ಒಬ್ಬ ಗುಮಾಸ್ತನ ಅಜಾಗರೂಕತೆ ಸಾಕು.

ಇನ್ನು ನಮ್ಮ ಹುಡುಗಿಯ ವಿಷಯಕ್ಕೆ ಬರುತ್ತೇನೆ. “ಬ್ಲಾಕ್ ಆಗಿದೆ ಎಂಬುದು ನಿನ್ನ ಊಹೆ. ಊಹೆಯನ್ನು ಪರೀಕ್ಷಿಸದೆ ಒಪ್ಪಬಾರದೆಂದು ಎಂಟನೆಯ ತರಗತಿಯಲ್ಲಿಯೇ ಹೇಳಿಕೊಟ್ಟಿದ್ದೆನಲ್ಲ!” ಎಂದು ನಕ್ಕು ಇಬ್ಬರೂ ಹಾಲ್‌ನಲ್ಲಿ ಕುಳಿತೆವು. ನಾವು ಮಾಡಿದ ಕ್ರಮವನ್ನು ಹಾಗೆಯೇ ಇಲ್ಲಿ ಬರೆಯುತ್ತೇನೆ, ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲು ನೋಡಿದ್ದು ಆಕೆಯ ಖಾತೆಯನ್ನೇ. ಖಾತೆ ಪ್ರೈವೇಟ್ ಆಗಿದ್ದರೆ ಬೇರೆ ಯಾವ ಪರೀಕ್ಷೆಯೂ ಬೇಡ, ಏಕೆಂದರೆ ಅಂತಹ ಖಾತೆಯ ಪೋಸ್ಟ್‌ಗಳು ಹಿಂಬಾಲಕರಿಗಲ್ಲದೆ ಬೇರೆಯವರಿಗೆ ಯಾವ ಹ್ಯಾಷ್‌ಟ್ಯಾಗ್‌ನಡಿಯೂ ಕಾಣುವುದಿಲ್ಲ. ಈಕೆಯದು ಎಲ್ಲರಿಗೂ ತೆರೆದ ಖಾತೆಯಾಗಿತ್ತು. ಅನಂತರ ಸೆಟ್ಟಿಂಗ್ಸ್‌ನಲ್ಲಿ Account Status ಎಂಬಲ್ಲಿಗೆ ಹೋದೆವು. ನಮ್ಮ ಯಾವುದಾದರೂ ಪೋಸ್ಟ್ ತೆಗೆಯಲ್ಪಟ್ಟಿದೆಯೇ, ನಮ್ಮನ್ನು ಹಿಂಬಾಲಿಸದವರಿಗೆ ನಮ್ಮ ಪೋಸ್ಟ್‌ಗಳನ್ನು ಶಿಫಾರಸು ಮಾಡಬಹುದೇ ಎಂಬುದನ್ನು ಅದು ತೋರಿಸುತ್ತದೆ. ಎರಡನೆಯ ಮಾಹಿತಿಯನ್ನು ಅಲ್ಲಿ ಕೊಡತೊಡಗಿದ್ದು 2022ರ ಡಿಸೆಂಬರ್‌ನಲ್ಲಿ. ತೊಂದರೆಯಿದ್ದರೆ ಯಾವ ಪೋಸ್ಟ್‌ನಿಂದ ಎಂದು ಅಲ್ಲಿಯೇ ಹೇಳುತ್ತದೆ, ಮರುಪರಿಶೀಲನೆ ಕೇಳಲೂ ಅವಕಾಶವಿದೆ. ಆಕೆಯ ಪುಟದಲ್ಲಿ ಎಲ್ಲವೂ ಹಸಿರು ಗುರುತಾಗಿತ್ತು.

ಆದರೆ ಗಮನಿಸಿ, ಆ ಪುಟ ಹೇಳುವುದು ನಿಮ್ಮ ಖಾತೆಯ ವಿಚಾರವನ್ನು. ನೀವು ಬಳಸಿದ ಪದದ ವಿಚಾರವನ್ನಲ್ಲ. ಹುಡುಗನ ನಡತೆ ಚೆನ್ನಾಗಿದೆ ಎಂಬ ಪ್ರಮಾಣಪತ್ರ ಅದು. ಅವನು ಕುಳಿತ ಕೊಠಡಿಗೆ ಬೀಗ ಬಿದ್ದಿದೆಯೇ ಎಂಬುದು ಅದರಲ್ಲಿರುವುದಿಲ್ಲ. ಹಾಗಾಗಿ ಪದಗಳನ್ನು ಒಂದೊಂದಾಗಿಯೇ ಪರೀಕ್ಷಿಸಬೇಕು.

ಈ ಪರೀಕ್ಷೆಯಲ್ಲಿ ಬಹಳ ಮಂದಿ ಎಡವುವುದು ಮೊದಲ ಹೆಜ್ಜೆಯಲ್ಲಿ. ಅವರು ತಮ್ಮ ಫೋನಿನಲ್ಲಿಯೇ ಹುಡುಕುತ್ತಾರೆ. ನಮ್ಮ ಪೋಸ್ಟ್ ನಮಗೆ ಕಂಡರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಹಿಂಬಾಲಿಸುವ ಗಂಡನಿಗೋ ಮಗನಿಗೋ ಕಂಡರೂ ಅಷ್ಟೇ. ನಿಮ್ಮನ್ನು ಹಿಂಬಾಲಿಸದ, ನಿಮ್ಮ ಪೋಸ್ಟ್‌ಗಳನ್ನು ಹಿಂದೆ ನೋಡಿರದ ಒಬ್ಬರ ಖಾತೆ ಬೇಕು. ನನ್ನ ಮೊಮ್ಮಗಳ ಖಾತೆ ಅದಕ್ಕೆ ಒದಗಿತು. ಹುಡುಕುವ ಪೆಟ್ಟಿಗೆಯಲ್ಲಿ # ಸೇರಿಸಿ ಒಂದೊಂದೇ ಪದವನ್ನು ಬರೆದು ಫಲಿತಾಂಶವನ್ನು ಕಾಗದದ ಮೇಲೆ ಗುರುತು ಹಾಕಿಕೊಂಡೆವು. ಬಹಳ ಮಂದಿ ಬಳಸುವ ಪದವೊಂದಕ್ಕೆ ಒಂದೂ ಪೋಸ್ಟ್ ಬಾರದೆ ಖಾಲಿ ಪುಟ ಬಂದರೆ ಸಂಶಯಪಡಬೇಕು. ಕೆಲವೊಮ್ಮೆ ತಾಣವೇ ಹೇಳುವುದೂ ಉಂಟು. 2025ರ ಜನವರಿಯಲ್ಲಿ #democrats ಎಂದು ಹುಡುಕಿದ ಅಮೆರಿಕನ್ನರಿಗೆ We've hidden these results ಎಂಬ ವಾಕ್ಯ ಕಂಡಿತ್ತು. #republicans ಎಂದು ಹುಡುಕಿದರೆ ಪೋಸ್ಟ್‌ಗಳು ಬರುತ್ತಿದ್ದುವು. ಅದು ದೋಷವೆಂದು ಕಂಪನಿ ಒಪ್ಪಿಕೊಂಡಿತು. ಈ ಪ್ರಸಂಗದಿಂದ ಒಂದು ಉಪಾಯವನ್ನೂ ಕಲಿಯಬಹುದು. ಸಂಶಯದ ಪದದ ಜೊತೆಗೆ ಅದರ ಸೋದರ ಪದವೊಂದನ್ನೂ ಹುಡುಕಿರಿ. ಎರಡೂ ಖಾಲಿಯಾದರೆ ನಿಮ್ಮ ನೆಟ್‌ವರ್ಕ್‌ನದೇ ತೊಂದರೆಯಿರಬಹುದು. ಒಂದು ಮಾತ್ರ ಖಾಲಿಯಾದರೆ ಪದಕ್ಕೆ ಬೀಗ ಬಿದ್ದಿರುವ ಸಂಭವ ಹೆಚ್ಚು.

ಪದ ತೆರೆಯಿತು, ಆದರೆ ಅಲ್ಲಿ ನಿಮ್ಮ ಪೋಸ್ಟ್ ಇಲ್ಲ ಎಂದಾದರೆ? ಹತ್ತಾರು ಲಕ್ಷ ಪೋಸ್ಟ್‌ಗಳಿರುವ ಪದದಡಿ ನಿಮ್ಮದು ಕಾಣದಿರುವುದು ಸಹಜ. ತಾಣವು ಎಲ್ಲವನ್ನೂ ತೋರಿಸುವುದಿಲ್ಲ, ಆರಿಸಿ ತೋರಿಸುತ್ತದೆ. ಅದು ತಡೆಯಲ್ಲ, ನೂಕುನುಗ್ಗಲು. ಇವೆರಡನ್ನೂ ಬೇರ್ಪಡಿಸಲು ಜಗತ್ತಿನಲ್ಲಿ ಯಾರೂ ಬಳಸಿರದ ಒಂದು ಪದವನ್ನು ನಾವೇ ಕಟ್ಟಿದೆವು. ಆಕೆ #meshtrutest2703 ಎಂದು ಸೇರಿಸಿ ಒಂದು ಚಿತ್ರ ಹಾಕಿದಳು. ಕೆಲವು ಗಂಟೆ ಕಳೆದು ಮೊಮ್ಮಗಳು ಅದನ್ನು ಹುಡುಕಿದಳು. ಒಂದೇ ಒಂದು ಚಿತ್ರ ಬಂದಿತು, ಅದು ಇವಳದೇ. ಆಕೆಯ ಖಾತೆ ಹುಡುಕಾಟದಿಂದ ಮರೆಯಾಗಿಲ್ಲವೆಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ತೊಂದರೆ ಎಲ್ಲಿ? ಕಾಗದದ ಮೇಲಿನ ಗುರುತುಗಳನ್ನು ನೋಡುತ್ತಿದ್ದಾಗ ನನಗೆ ಒಂದು ವಿಷಯ ಹೊಳೆಯಿತು. ನಾವು ಹುಡುಕಿದ್ದು ಆಕೆ ಬಾಯಲ್ಲಿ ಹೇಳಿದ ಪದಗಳನ್ನು. ಪೋಸ್ಟ್‌ನಲ್ಲಿ ಆಕೆ ಬರೆದದ್ದನ್ನು ನಾವು ನೋಡಿರಲೇ ಇಲ್ಲ. ತೆರೆದು ನೋಡಿದೆವು. ಆಕೆ ಬರೆದಿದ್ದುದು ಹೀಗೆ: #ಸ್ತನ ಕ್ಯಾನ್ಸರ್ ಜಾಗೃತಿ, #ಮಹಿಳಾ ಆರೋಗ್ಯ. ಹ್ಯಾಷ್‌ಟ್ಯಾಗ್ ಮೊದಲ ಖಾಲಿ ಜಾಗದಲ್ಲಿಯೇ ಮುಗಿದುಹೋಗುತ್ತದೆ. ಬಣ್ಣ ಬದಲಾದ ಭಾಗವನ್ನು ನೋಡಿದರೆ ಗೊತ್ತಾಗುತ್ತದೆ, ಬಣ್ಣವಿದ್ದುದು “ಸ್ತನ” ಎಂಬ ಪದಕ್ಕೆ ಮಾತ್ರ. ಉಳಿದ ಎರಡು ಪದಗಳು ಬರಿಯ ಬರಹ. ಕ್ಯಾನ್ಸರ್ ಬಗ್ಗೆ ತಿಳಿಯಬಯಸುವ ಹೆಂಗಸರ ಖಾನೆಗೆ ಹೋಗಬೇಕಾದ ಚೀಟಿ ಎರಡು ತಿಂಗಳಿಂದ ಒಂಟಿ ಪದದ ಖಾನೆಗೆ ಹೋಗಿ ಬೀಳುತ್ತಿತ್ತು. ಅಂತಹ ಪದದಡಿ ಯಾವ ಬಗೆಯ ಚಿತ್ರಗಳನ್ನು ಹುಡುಕುವವರು ಬರುತ್ತಾರೆಂದು ನಾನು ಹೇಳಬೇಕಾಗಿಲ್ಲ. ಕಾವಲುಗಾರನ ಕಣ್ಣು ಮೊದಲು ಬೀಳುವುದೂ ಇಂತಹ ಒಂಟಿ ಪದಗಳ ಮೇಲೆಯೇ.

“ಎರಡು ತಿಂಗಳ ಹಿಂದೆ ಏನು ಬದಲಾಯಿತಮ್ಮ?” ಎಂದು ಕೇಳಿದೆ. ಆಕೆ ಹಣೆ ಚಚ್ಚಿಕೊಂಡಳು. ಆಗ ಹೊಸ ಫೋನ್ ಕೊಂಡಿದ್ದಳಂತೆ. ಅದರ ಕೀಲಿಮಣೆ ಪದಗಳನ್ನು ತಾನೇ ಸೂಚಿಸಿ, ಆರಿಸಿದ ಪ್ರತಿ ಪದದ ಮುಂದೆ ಒಂದು ಖಾಲಿ ಜಾಗ ಸೇರಿಸುತ್ತಿತ್ತು. ಅದನ್ನೇ ಒಮ್ಮೆ ಬರೆದಿಟ್ಟುಕೊಂಡು ಪ್ರತಿ ಪೋಸ್ಟ್‌ಗೂ ಅಂಟಿಸುತ್ತಿದ್ದಳು.

ತಿದ್ದುವುದರಲ್ಲಿಯೂ ಒಂದು ಸೂಕ್ಷ್ಮವಿದೆ, ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದುದು. ಪದಗಳನ್ನು ಹಾಗೆಯೇ ಕೂಡಿಸಿದರೆ “ಕ್ಯಾನ್ಸರ್” ಮತ್ತು “ಜಾಗೃತಿ” ಸೇರಿ ನಡುವೆ ಅರ್ಕಾವತ್ತು ಮೂಡುತ್ತದೆ, ಓದುವವರಿಗೆ ತೊಡಕು. ನಡುವೆ ಅಡಿಗೆರೆ ಹಾಕಿ #ಸ್ತನ_ಕ್ಯಾನ್ಸರ್ ಎಂದು ಬರೆಯಬಹುದು, ಅಡಿಗೆರೆ ಹ್ಯಾಷ್‌ಟ್ಯಾಗನ್ನು ಮುರಿಯುವುದಿಲ್ಲ. ಆದರೆ ಅಡಿಗೆರೆಯಿರುವುದು ಒಂದು ಖಾನೆ, ಇಲ್ಲದಿರುವುದು ಇನ್ನೊಂದು ಖಾನೆ. ಎರಡನ್ನೂ ಹುಡುಕಿ, ಜನ ಯಾವುದರಡಿ ಹೆಚ್ಚು ಬರೆದಿದ್ದಾರೆಂದು ನೋಡಿ ಅದನ್ನು ಆರಿಸಿಕೊಳ್ಳಬೇಕು.

ಆಕೆ ಖಾತೆಯನ್ನು ಪ್ರೊಫೆಷನಲ್ ಖಾತೆಯಾಗಿ ಬದಲಾಯಿಸಿಕೊಂಡಳು. ಅದಕ್ಕೆ ಹಣವಿಲ್ಲ, ಮತ್ತು ಪ್ರತಿ ಪೋಸ್ಟ್‌ನ Insights ಎಂಬಲ್ಲಿ ನೋಡಿದವರಲ್ಲಿ ಹಿಂಬಾಲಕರೆಷ್ಟು, ಹೊರಗಿನವರೆಷ್ಟು ಎಂಬುದು ತಿಳಿಯುತ್ತದೆ. ಹಳೆಯ ರೀತಿಯ ಹ್ಯಾಷ್‌ಟ್ಯಾಗ್‌ಗಳಿಂದ ಒಂದು ಪೋಸ್ಟ್, ತಿದ್ದಿದ ಹ್ಯಾಷ್‌ಟ್ಯಾಗ್‌ಗಳಿಂದ ಒಂದು ಪೋಸ್ಟ್, ಹೀಗೆ ಒಂದೇ ಬಗೆಯ ಚಿತ್ರಗಳನ್ನು ಒಂದೇ ಹೊತ್ತಿನಲ್ಲಿ ಎರಡು ವಾರ ಹಾಕಿ ನೋಡೆಂದು ಹೇಳಿದೆ. ಒಂದನ್ನು ಮಾತ್ರ ಬದಲಿಸಿ ಉಳಿದುದನ್ನು ಹಾಗೆಯೇ ಇಡಬೇಕೆಂಬ ಪ್ರಯೋಗಶಾಲೆಯ ಪಾಠವೇ ಇದು. ಮೊದಲ ಬಗೆಯ ಪೋಸ್ಟ್‌ಗಳನ್ನು ನೋಡಿದ ಹೊರಗಿನವರು ಹತ್ತರ ಒಳಗೇ ಉಳಿದರು. ಎರಡನೆಯ ಬಗೆಯವುಗಳಲ್ಲಿ ಅವರು ನಲವತ್ತು, ಐವತ್ತು ಮಂದಿಯಾದರು. ನಾಲ್ಕೈದು ಪೋಸ್ಟ್‌ಗಳಿಂದ ಸಿದ್ಧಾಂತ ಹೇಳಲಾಗದು, ಆದರೆ ಆಕೆ ನಿಲ್ಲಿಸುವ ಯೋಚನೆ ಬಿಟ್ಟಳು.

ಇದರ ನಡುವೆ ಆಕೆಯ ಗೆಳತಿಯರು ಎರಡು ಅಡ್ಡದಾರಿಗಳನ್ನು ಸೂಚಿಸಿದ್ದರು. ಒಂದು, ನಿಷೇಧಿತ ಹ್ಯಾಷ್‌ಟ್ಯಾಗ್‌ಗಳ ಪಟ್ಟಿಗಳು. ಅವುಗಳನ್ನು ನಂಬಬೇಡಿ. 2015ರ ಜುಲೈನಲ್ಲಿ ಇನ್‌ಸ್ಟಾಗ್ರಾಂ #curvy ಎಂಬ ಪದವನ್ನು ತಡೆದು, ಮೈತುಂಬಿದ ಹೆಂಗಸರು ಪ್ರತಿಭಟಿಸಿದ ಮೇಲೆ ಕೆಲವೇ ದಿನಗಳಲ್ಲಿ ಬಿಟ್ಟುಕೊಟ್ಟಿತು. ಬೀಗ ಬೀಳುತ್ತದೆ, ತೆರೆಯುತ್ತದೆ. ಪಟ್ಟಿ ಮಾತ್ರ ಹಳೆಯದಾಗಿಯೇ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಇನ್ನೊಂದು, ನಿಮ್ಮ ಪಾಸ್‌ವರ್ಡ್ ಕೇಳಿ ಪರೀಕ್ಷಿಸಿಕೊಡುತ್ತೇವೆನ್ನುವ ತಾಣಗಳು. ಮೇಲೆ ಹೇಳಿದ ಯಾವ ಪರೀಕ್ಷೆಗೂ ಪಾಸ್‌ವರ್ಡನ್ನು ಬೇರೆಯವರಿಗೆ ಕೊಡಬೇಕಾಗಿಲ್ಲ.

ಹಾಗಾದರೆ ತಪ್ಪು ಹುಡುಗಿಯದೇ ಆಯಿತಲ್ಲ, ಮೇಷ್ಟ್ರು ಯಾರ ಮೇಲೆ ಆಕ್ಷೇಪ ಎತ್ತುತ್ತಿದ್ದಾರೆ ಎಂದು ನೀವು ಕೇಳಬಹುದು. ನನ್ನ ಅಭಿಪ್ರಾಯವಿರುವುದು ಇಲ್ಲಿಯೇ. ನಿಜವಾಗಿ ಬೀಗ ಬಿದ್ದಿದ್ದ ಸಿಖ್ಖರಿಗೂ, ಖಾಲಿ ಜಾಗದಿಂದ ಎಡವಿದ ನಮ್ಮ ಹುಡುಗಿಗೂ ಕಂಡದ್ದು ಒಂದೇ ದೃಶ್ಯ, ಮೌನ. ಮುಚ್ಚಿದ ಬಾಗಿಲಿಗೆ ಚೀಟಿ ಅಂಟಿಸುವ ಪದ್ಧತಿಯಿದ್ದಿದ್ದರೆ ಸಿಖ್ಖರು ಮಾರ್ಚ್ 8ರಂದೇ ದೂರು ಕೊಡುತ್ತಿದ್ದರು. ಚೀಟಿಯಿಲ್ಲವೆಂಬುದನ್ನು ಕಂಡು ನಮ್ಮ ಹುಡುಗಿ ಮೊದಲ ದಿನವೇ ತನ್ನ ಬರಹವನ್ನು ತಾನು ನೋಡಿಕೊಳ್ಳುತ್ತಿದ್ದಳು. ಮೌನವು ತಪ್ಪು ಮಾಡಿದವರನ್ನು ಮರೆಮಾಚುತ್ತದೆ, ಮಾಡದವರ ಮೇಲೆ ಸಂಶಯವನ್ನೂ ಹೊರಿಸುತ್ತದೆ.

ತಿಳಿಸಿದರೆ ಕೆಟ್ಟವರು ಕೂಡಲೇ ಬೇರೆ ಪದ ಹಿಡಿಯುತ್ತಾರೆ ಎಂಬ ವಾದವುಂಟು. ಅದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಕೆಟ್ಟವರು ಈಗಲೂ ಹುಡುಕಿ ನೋಡಿ ತಿಳಿದುಕೊಳ್ಳುತ್ತಾರೆ, ಒಂದೆರಡು ಅಕ್ಷರ ಬದಲಿಸಿ ಹೊಸ ಪದ ಕಟ್ಟುತ್ತಾರೆ. ಅದು ಅವರ ಕಸುಬು. ತಿಳಿಯದೆ ಉಳಿಯುವವರು ಪಾಪದವರು ಮಾತ್ರ. ಯೂರೋಪಿನ ಡಿಜಿಟಲ್ ಸೇವೆಗಳ ಕಾನೂನು, ಬಳಕೆದಾರನ ಬರಹವನ್ನು ತೆಗೆದಾಗ ಮಾತ್ರವಲ್ಲ, ಅದು ಕಾಣುವುದನ್ನು ಕುಗ್ಗಿಸಿದಾಗಲೂ ಕಾರಣ ತಿಳಿಸಬೇಕೆನ್ನುತ್ತದೆ. ನಮ್ಮಲ್ಲಿ 2021ರ ನಿಯಮಗಳ ಪ್ರಕಾರ ಪ್ರತಿ ತಾಣಕ್ಕೂ ಒಬ್ಬ ದೂರು ಅಧಿಕಾರಿ ಇರಬೇಕು. ಅವರ ಉತ್ತರ ತೃಪ್ತಿ ತರದಿದ್ದರೆ ಸರ್ಕಾರದ ಮೇಲ್ಮನವಿ ಸಮಿತಿಯುಂಟು. ಆದರೆ ದೂರು ಕೊಡಲು ಮೊದಲು ಬಾಗಿಲು ಮುಚ್ಚಿದೆಯೆಂದು ಗೊತ್ತಾಗಬೇಕಲ್ಲ! ಹ್ಯಾಷ್‌ಟ್ಯಾಗ್ ಬರೆಯುತ್ತಿರುವಾಗಲೇ “ಈ ಪದ ಇಂಥ ದಿನದಿಂದ, ಈ ಕಾರಣಕ್ಕಾಗಿ ಹುಡುಕಾಟದಲ್ಲಿಲ್ಲ” ಎಂಬ ಒಂದು ಸಾಲು ಕಾಣಿಸಿದರೆ ಸಾಕು. ಬರೆಯುವಾಗ ಪದಗಳನ್ನು ಸೂಚಿಸಬಲ್ಲ ಯಂತ್ರಕ್ಕೆ ಅದು ಕಷ್ಟದ ಕೆಲಸವಲ್ಲ.

ಅಲ್ಲಿಯವರೆಗೆ ನಾವೇ ಪರೀಕ್ಷಿಸಿಕೊಳ್ಳಬೇಕು. ಅಪರಿಚಿತನ ಕಣ್ಣಿನಿಂದ ನೋಡಿ, ಸೋದರ ಪದದೊಡನೆ ಹೋಲಿಸಿ, ಬಣ್ಣ ಎಲ್ಲಿ ಮುಗಿಯುತ್ತದೆಂಬುದನ್ನು ಗಮನಿಸಿ.

ಕಳೆದ ವಾರ ಆ ಹುಡುಗಿ ಫೋನ್ ಮಾಡಿದ್ದಳು. ಹಾವೇರಿ ಕಡೆಯ ಯಾರೋ ಗೃಹಿಣಿ, ಪರಿಚಯವಿಲ್ಲದವರು, ಚಿತ್ರ ನೋಡಿ ಸಂದೇಶ ಕಳಿಸಿದ್ದರಂತೆ. ಆರು ತಿಂಗಳಿಂದ ಗಂಟೊಂದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಾರೆ, ಯಾವ ಡಾಕ್ಟರ ಬಳಿ ಹೋಗಬೇಕೆಂದು ಕೇಳಿದ್ದಾರೆ. “ಹೇಗೆ ಸಿಕ್ಕಿತು ಅಂತ ಕೇಳಿದೆ ಸರ್. ಹುಡುಕಿದೆ, ಸಿಕ್ಕಿತು ಅಂದರು” ಎಂದಳು.

ಆಕೆ ಮಂಗಳವಾರ ಜಿಲ್ಲಾಸ್ಪತ್ರೆಗೆ ಹೋಗುತ್ತಾರಂತೆ.